ಫಾರಂ ತುಂಬಿ ಸೇವ್ ಮಾಡಿದೆ, ಅವರಿಗೆ ಖಾಲಿ ಹೋಗಿದೆ. ಯಾಕೆ?

ಪ್ರಶ್ನೆ: ಸರ್, ಒಂದು ಪಿಡಿಎಫ್ ಅರ್ಜಿ ಬಂದಿತ್ತು. ಮೊಬೈಲ್‌ನಲ್ಲೇ ತುಂಬಿ ಸೇವ್ ಮಾಡಿ ಕಳಿಸಿದೆ. ನನ್ನ ಹತ್ತಿರ ಎಲ್ಲ ಸರಿಯಾಗಿ ಕಾಣುತ್ತಿದೆ. ಆಫೀಸಿನವರು ‘ಖಾಲಿ ಫಾರಂ ಕಳಿಸಿದ್ದೀರಿ’ ಅಂತಾರೆ. ದುಡ್ಡು ಕೊಟ್ಟು ದೊಡ್ಡ ಸಾಫ್ಟ್‌ವೇರ್ ಹಾಕಿಸಬೇಕಾ?

ಬೇಡ. ಈ ‘ದುಡ್ಡು ಕೊಟ್ಟರೆ ಮಾತ್ರ ಸೇವ್ ಆಗುತ್ತೆ’ ಎಂಬ ಮಾತನ್ನು ಕುಶಾಲನಗರದಿಂದ ಗೋಣಿಕೊಪ್ಪದವರೆಗೆ ಕೇಳಿ ಸಾಕಾಗಿದೆ. ಇವತ್ತು ಇದನ್ನೇ ಮೊದಲು ಮುಗಿಸೋಣ.

ಈ ಮಾತು ಸುಮ್ನೆ ಹುಟ್ಟಿದ್ದಲ್ಲ. ಒಂದು ಕಾಲದಲ್ಲಿ ಅದು ನಿಜವೇ ಆಗಿತ್ತು. ಹಳೆಯ ಅಡೋಬಿ ರೀಡರ್‌ನಲ್ಲಿ ಫಾರಂ ತೆರೆದರೆ, ‘ಇದರಲ್ಲಿ ಬರೆದದ್ದನ್ನು ಸೇವ್ ಮಾಡಲು ಆಗದು, ಬೇಕಿದ್ದರೆ ಪ್ರಿಂಟ್ ತೆಗೆದುಕೊಳ್ಳಿ’ ಎಂಬ ಅರ್ಥದ ಪಟ್ಟಿ ಮೇಲೆ ಬರುತ್ತಿತ್ತು. ಫಾರಂ ಮಾಡಿದವರು ತಮ್ಮ ದುಬಾರಿ ಅಕ್ರೊಬ್ಯಾಟ್‌ನಿಂದ ವಿಶೇಷ ಅನುಮತಿ ಸೇರಿಸಿದ್ದರೆ ಮಾತ್ರ ಸೇವ್ ಆಗುತ್ತಿತ್ತು. 2012ರಲ್ಲಿ ರೀಡರ್‌ನ 11ನೇ ಆವೃತ್ತಿ ಬಂತು. ಅಲ್ಲಿಂದ ಸಾಮಾನ್ಯ ಫಾರಂಗಳನ್ನು ಪುಕ್ಕಟೆ ರೀಡರ್‌ನಲ್ಲೇ ತುಂಬಿ ಸೇವ್ ಮಾಡಬಹುದು. ನಿಯಮ ಹೋಯಿತು, ಮಾತು ಮಾತ್ರ ಉಳಿಯಿತು. ಅದನ್ನು ನಂಬಿ ಇವತ್ತಿಗೂ ಜನ ಕದ್ದ ಸಾಫ್ಟ್‌ವೇರ್ ಹಾಕಿಸಿಕೊಳ್ಳುತ್ತಾರೆ. ಇನ್ನು ಕೆಲವರು ಆಧಾರ್ ನಂಬರ್ ಇರುವ ಫಾರಂ ಅನ್ನೇ ಯಾವುದೋ ‘ಅನ್‌ಲಾಕ್’ ಸೈಟಿಗೆ ಹಾಕುತ್ತಾರೆ. ಅದು ಇನ್ನೂ ಕೆಟ್ಟದ್ದು.

ಇನ್ನೊಂದು ವಿಷಯ. ‘ಖಾಲಿ ಹೋಗಿದೆ’ ಎನ್ನುವ ಫೈಲ್‌ಗಳಲ್ಲಿ ಎಷ್ಟೋ ಸಲ ನೀವು ಬರೆದದ್ದು ಒಳಗೇ ಇರುತ್ತದೆ. ಸೇವ್ ಆಗಿದೆ, ಕಾಣುತ್ತಿಲ್ಲ ಅಷ್ಟೆ.

ಒಂದು ಉದಾಹರಣೆ ನೋಡೋಣ. ಕಕ್ಕಬ್ಬೆ ಕಡೆ ಹೋಮ್‌ಸ್ಟೇ ನಡೆಸುವ ಅಕ್ಕ ಒಬ್ಬರು ಇಂಥ ಫೈಲ್ ಕಳಿಸಿದ್ದರು. ಬುಕಿಂಗ್ ಏಜೆನ್ಸಿಯ ಅರ್ಜಿ. ಎಷ್ಟು ಕೋಣೆ, ಬಾಡಿಗೆ ಎಷ್ಟು, ಊಟ ಇದೆಯಾ ಇತ್ಯಾದಿ. ನಾನು ತೆರೆದಾಗಲೂ ಪೂರ್ತಿ ಖಾಲಿ. ಕೋಣೆಗಳ ಸಂಖ್ಯೆಯ ಜಾಗದ ಮೇಲೆ ಕ್ಲಿಕ್ ಮಾಡಿದೆ. ‘4’ ಕಾಣಿಸಿತು. ಬೇರೆ ಕಡೆ ಕ್ಲಿಕ್ ಮಾಡಿದೆ, ಮಾಯ! ಈ ಲಕ್ಷಣ ಕಂಡರೆ ರೋಗ ಗೊತ್ತಾದ ಹಾಗೆಯೇ.

ಆಗುವುದು ಇಷ್ಟು. ಫಾರಂನ ಪ್ರತಿ ಜಾಗಕ್ಕೂ ಫೈಲ್‌ನೊಳಗೆ ಎರಡು ಸಂಗತಿ ಇರುತ್ತವೆ. ಒಂದು, ನೀವು ಬರೆದ ಮಾಹಿತಿ. ಇನ್ನೊಂದು, ಆ ಮಾಹಿತಿ ಪುಟದ ಮೇಲೆ ಹೇಗೆ ಕಾಣಬೇಕು ಎಂಬ ಚಿತ್ರ. ಕಾಫಿ ಚೀಲ ಗೋದಾಮು ಸೇರಿದೆ, ಹೊರಗಿನ ಬೋರ್ಡಿನಲ್ಲಿ ಯಾರೂ ಬರೆದಿಲ್ಲ ಅಂದುಕೊಳ್ಳಿ. ಕೆಲವು ಆ್ಯಪ್‌ಗಳು ಮಾಹಿತಿಯನ್ನು ಬರೆದು, ಚಿತ್ರವನ್ನು ಹಾಗೇ ಬಿಟ್ಟುಬಿಡುತ್ತವೆ. ತೆರೆಯುವಾಗ ತಾವೇ ಹೊಸದಾಗಿ ಬಿಡಿಸಿ ತೋರಿಸುತ್ತವೆ. ಹಾಗಾಗಿ ನಿಮಗೆ ಎಲ್ಲ ಕಾಣುತ್ತದೆ. ಅತ್ತ ಆಫೀಸಿನ ಆ್ಯಪ್ ಫೈಲ್‌ನಲ್ಲಿರುವ ಚಿತ್ರವನ್ನು ಮಾತ್ರ ನಂಬುತ್ತದೆ. ಅಲ್ಲಿರುವುದು ಹಳೆಯ ಖಾಲಿ ಚಿತ್ರ. ಇಬ್ಬರೂ ಸುಳ್ಳು ಹೇಳುತ್ತಿಲ್ಲ!

ಮಾಹಿತಿ ನಿಜಕ್ಕೂ ಇದೆಯಾ ಎಂದು ಕಂಪ್ಯೂಟರ್ ಬಲ್ಲವರು ಪಿಡಿಎಫ್‌ನ ಒಳಗನ್ನು ತೋರಿಸುವ pdftk ಎಂಬ ಸಾಫ್ಟ್‌ವೇರ್‌ನಲ್ಲಿ ಹೀಗೆ ನೋಡಬಹುದು.

```
pdftk arji.pdf dump_data_fields_utf8
```

ಅಕ್ಕನ ಫೈಲ್‌ನಲ್ಲಿ ಕೋಣೆಗಳ ಜಾಗಕ್ಕೆ ಬಂದ ಉತ್ತರದಲ್ಲಿ `FieldValue: 4` ಎಂಬ ಸಾಲು ಇತ್ತು. ಹಾಗಾಗಿ ಮತ್ತೆ ತುಂಬುವ ಕೆಲಸ ಇರಲಿಲ್ಲ. ಆ ಸಾಲೇ ಇಲ್ಲದಿದ್ದರೆ, ಅಥವಾ ಇದ್ದೂ ಮುಂದೆ ಏನೂ ಇಲ್ಲದಿದ್ದರೆ, ನಿಜವಾಗಿಯೂ ಸೇವ್ ಆಗಿಲ್ಲ. ಅದಕ್ಕೆ ಸಾಮಾನ್ಯ ಕಾರಣ ಎರಡು. ವಾಟ್ಸ್ಆ್ಯಪ್‌ನಲ್ಲೋ ಮೇಲ್‌ನಲ್ಲೋ ಬಂದ ಫೈಲನ್ನು ಅಲ್ಲಿಂದಲೇ ತೆರೆದು ತುಂಬಿ, ಆಮೇಲೆ ಹಳೆಯ ಫೈಲನ್ನೇ ಮತ್ತೆ ಕಳಿಸಿರುತ್ತೀರಿ. ಇಲ್ಲವೇ ಕ್ರೋಮ್‌ನಲ್ಲಿ ಡೌನ್‌ಲೋಡ್ ಒತ್ತಿದಾಗ `With your changes` ಬಿಟ್ಟು `Without your changes` ಆರಿಸಿರುತ್ತೀರಿ.

ಪರಿಹಾರ ಸುಲಭ. ಬರೆದದ್ದು ಸರಿಯಾಗಿ ಕಾಣುವ ಆ್ಯಪ್‌ನಲ್ಲೇ ಫೈಲ್ ತೆರೆಯಿರಿ. ಪ್ರಿಂಟ್ ಒತ್ತಿ, ಪ್ರಿಂಟರ್ ಜಾಗದಲ್ಲಿ `Save as PDF` ಅಥವಾ ವಿಂಡೋಸ್‌ನ `Microsoft Print to PDF` ಆರಿಸಿ, ಹೊಸ ಹೆಸರಿನಲ್ಲಿ ಉಳಿಸಿ. ಆಗ ಅಕ್ಷರಗಳು ಪುಟದ ಭಾಗವೇ ಆಗುತ್ತವೆ, ಯಾರು ತೆರೆದರೂ ಕಾಣುತ್ತವೆ. ಆಗಿದೆಯಾ ಎಂದು ತಿಳಿಯಲು ಹೊಸ ಫೈಲ್‌ನಲ್ಲಿ ಒಂದು ಜಾಗದ ಮೇಲೆ ಕ್ಲಿಕ್ ಮಾಡಿ. ಬರೆಯುವ ಕರ್ಸರ್ ಬಂದರೆ ಅದಿನ್ನೂ ಫಾರಂ, ಅಂದರೆ ತಪ್ಪು ಫೈಲ್ ತೆರೆದಿದ್ದೀರಿ. ಕರ್ಸರ್ ಬರಬಾರದು, ಅಕ್ಷರ ಕಾಣಬೇಕು.

ಇದಕ್ಕೊಂದು ಮಿತಿ ಇದೆ. ಕೆಲವು ಕಡೆ ಫಾರಂ ಓದುವುದು ಮನುಷ್ಯರಲ್ಲ. ಅಲ್ಲಿಯ ಸಾಫ್ಟ್‌ವೇರ್ ಒಂದೊಂದು ಜಾಗದ ಮಾಹಿತಿಯನ್ನು ತಾನೇ ಎತ್ತಿಕೊಳ್ಳುತ್ತದೆ. ಪ್ರಿಂಟ್ ಮಾಡಿದ ಫೈಲ್‌ನಲ್ಲಿ ಅದಕ್ಕೆ ಏನೂ ಸಿಗದು. ಡಿಜಿಟಲ್ ಸಹಿ ಹಾಕಿದ ಫೈಲ್ ಆದರೆ ಸಹಿಯ ಬೆಲೆಯೂ ಹೋಗುತ್ತದೆ. ಅಂಥ ಕಡೆಗೆ ಫೈಲನ್ನು ಕಂಪ್ಯೂಟರ್‌ನ ಅಡೋಬಿ ರೀಡರ್‌ನಲ್ಲಿ ತೆರೆದು, ಒಂದೊಂದು ಜಾಗದಲ್ಲೂ ಒಂದು ಅಕ್ಷರ ಅಳಿಸಿ ಮತ್ತೆ ಬರೆದು, ಟ್ಯಾಬ್ ಒತ್ತಿ ಮುಂದೆ ಹೋಗಿ ಸೇವ್ ಮಾಡಿ. ಸುಮ್ನೆ ಕ್ಲಿಕ್ ಮಾಡಿದರೆ ಸಾಲದು, ಬದಲಾವಣೆ ಆಗಬೇಕು. ಆಗ ರೀಡರ್ ಚಿತ್ರವನ್ನು ಹೊಸದಾಗಿ ಬಿಡಿಸುತ್ತದೆ. ಬೇಜಾರಿನ ಕೆಲಸ, ಒಪ್ಪುತ್ತೇನೆ.

ಬರೆಯಲು ಬಿಡುವುದೇ ಇಲ್ಲ ಎನ್ನುವವರಿಗೆ ಚುಟುಕಾಗಿ: ಹೆಚ್ಚಿನವು ಫಾರಂಗಳೇ ಅಲ್ಲ. ವರ್ಡ್‌ನಲ್ಲಿ ಗೆರೆ ಎಳೆದು ಪಿಡಿಎಫ್ ಮಾಡಿದ್ದು, ಇಲ್ಲವೇ ಕಾಗದವನ್ನು ಸ್ಕ್ಯಾನ್ ಮಾಡಿದ್ದು. ಅವು ಲಾಕ್ ಆಗಿಲ್ಲ, ಅಲ್ಲಿ ಬರೆಯುವ ಜಾಗವನ್ನೇ ಯಾರೂ ಮಾಡಿಲ್ಲ. ರೀಡರ್‌ನ `Fill & Sign` ಬಳಸಿ ಮೇಲೆ ಬರೆಯಿರಿ. ತೆರೆದಾಗ ಬರೀ `Please wait...` ಎಂದು ಬಂದರೆ ಅದು ಎಕ್ಸ್‌ಎಫ್‌ಎ ಎಂಬ ಬೇರೆ ಜಾತಿಯ ಫಾರಂ. ಮೊಬೈಲ್‌ನಲ್ಲಿ ಎಷ್ಟು ಹೊತ್ತು ಕಾದರೂ ತೆರೆಯದು. ಕಂಪ್ಯೂಟರ್‌ನ ಅಡೋಬಿ ರೀಡರ್ ಬೇಕು. 2021ರಿಂದ ಫೈರ್‌ಫಾಕ್ಸ್ ಕೂಡ ಇದನ್ನು ತೆರೆಯುತ್ತದೆ.

ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಇಂಗ್ಲಿಷಿನಲ್ಲಿ ತುಂಬಿದ್ದು ಕಂಡು, ಕನ್ನಡದಲ್ಲಿ ತುಂಬಿದ್ದು ಮಾತ್ರ ಡಬ್ಬಿ ಡಬ್ಬಿಯಾಗಿ ಕಾಣುವುದೂ ಇದೇ ಚಿತ್ರದ ತೊಂದರೆ. ಫಾರಂ ಮಾಡಿದವರು ಆ ಜಾಗಕ್ಕೆ ಹೆಚ್ಚಾಗಿ ಹೆಲ್ವೆಟಿಕಾ ಫಾಂಟ್ ಹಾಕಿರುತ್ತಾರೆ. ಅದರಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಆ್ಯಪ್ ಬೇರೆ ಫಾಂಟ್ ಹುಡುಕಿ ಹಾಕಿದರೂ, ‘ಪೊನ್ನಂಪೇಟೆ’ಯ ನ ಒತ್ತು ಕೆಳಗೆ ಬರದೆ ಪಕ್ಕಕ್ಕೆ ಬಂದು ಕೂರಬಹುದು. ಟೈಪ್ ಮಾಡುವಾಗ ಸರಿಯಾಗಿಯೇ ಕಾಣುತ್ತದೆ, ಹೊರಗೆ ಬಂದಾಗ ಕೆಡುತ್ತದೆ. ಹಾಗಾಗಿ ಕನ್ನಡದಲ್ಲಿ ತುಂಬಿದರೆ ಪ್ರಿಂಟ್ ಪ್ರಿವ್ಯೂನಲ್ಲಿ ಒತ್ತಕ್ಷರ ನೋಡಿಯೇ ಉಳಿಸಿ. ಅಲ್ಲಿ ಕೆಟ್ಟಿದ್ದರೆ ಬೇರೆ ಆ್ಯಪ್‌ನಲ್ಲಿ ತೆರೆದು ನೋಡಿ. ಅಲ್ಲೂ ಆಗದಿದ್ದರೆ ಖಾಲಿ ಫಾರಂ ಪ್ರಿಂಟ್ ತೆಗೆದು, ಪೆನ್ನಿನಲ್ಲಿ ತುಂಬಿ, ಸ್ಕ್ಯಾನ್ ಮಾಡಿ ಕಳಿಸಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಲೇಬೇಡಿ. ಅದು ಯೂನಿಕೋಡ್ ಅಲ್ಲ, ಆಫೀಸಿನವರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ.