ಟೇಬಲ್ ತಿರುಗಬೇಕು, ಅಂಕಿ ತಿರುಗಬಾರದು

ಕಾಫಿ ರಫ್ತಿನ ಒಂದು ಇನ್‌ವಾಯ್ಸನ್ನು ಅರೇಬಿಕ್‌ಗೆ ಮಾಡಿಕೊಟ್ಟು ನಾಲ್ಕು ದಿನ ಆಗಿತ್ತು. ಕುವೈತ್‌ನಲ್ಲಿ ಮಾಲು ಕೊಂಡವರ ಆಫೀಸಿನಿಂದ ಫೋನ್ ಬಂತು. "ನಿಮ್ಮ ಅನುವಾದದಲ್ಲಿ ಇನ್‌ವಾಯ್ಸ್ ನಂಬರ್ 25-017/24 ಅಂತಿದೆ. ಮೂಲದಲ್ಲಿ 017/24-25 ಅಂತಿದೆ. ಇವು ಎರಡು ಬೇರೆ ಬಿಲ್ಲುಗಳಾ?"

ನಾನು ಟೈಪ್ ಮಾಡಿದ್ದು 017/24-25 ಅಂತಲೇ. ಫೈಲ್ ತೆರೆದು ಕರ್ಸರ್ ಇಟ್ಟು ಒಂದೊಂದೇ ಅಕ್ಷರ ದಾಟಿಸಿ ನೋಡಿದೆ. ಒಳಗೆ ಎಲ್ಲ ಸರಿಯಾಗಿಯೇ ಇತ್ತು. ಪರದೆ ಮೇಲೆ ಮಾತ್ರ ತಲೆಕೆಳಗು. ಚಿಕ್ಕಮಗಳೂರಿನ ಕಾಫಿ ವ್ಯಾಪಾರಿಗಳ ಕಾಗದಪತ್ರ ಅರೇಬಿಕ್‌ಗೆ ಮಾಡುವ ನನ್ನ ಕೆಲಸದಲ್ಲಿ ಭಾಷೆಗಿಂತ ಜಾಸ್ತಿ ಹೊತ್ತು ತಿನ್ನುವುದು ಇಂಥ ಜಾಗವೇ. ಆ ಬಿಲ್ಲನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಬಿಲ್ಲು ಸಾಧಾರಣದ್ದು. ಅರೇಬಿಕಾ ಪ್ಲಾಂಟೇಶನ್ ಎ, 60 ಕೆಜಿಯ 100 ಚೀಲ, 6,000 ಕೆಜಿ, ಕೆಜಿಗೆ $6.40, ಮೊತ್ತ $38,400.00. ರೋಬಸ್ಟಾ ಚೆರ್ರಿ ಎಬಿ, 200 ಚೀಲ, 12,000 ಕೆಜಿ, ಕೆಜಿಗೆ $4.35, ಮೊತ್ತ $52,200.00. ಎರಡೂ ಸೇರಿ $90,600.00. ಅದರಲ್ಲಿ ರಿಯಾಯಿತಿ -$1,250.00. ಕೊನೆಗೆ ಕೊಡಬೇಕಾದದ್ದು $89,350.00.

ಇದು ನನ್ನ ಕೈಗೆ ಬಂದದ್ದು ವಾಟ್ಸಾಪ್ ಫೋಟೊ ಆಗಿ. ಆಫೀಸಿನ ರೈಟರ್ ಮೇಜಿನ ಮೇಲೆ ಕಾಗದ ಇಟ್ಟು ಓರೆಯಾಗಿ ತೆಗೆದಿದ್ದರು. ಹಾಗೆ ಬಂದರೆ ನಾನು ವಾಪಸ್ ಕೇಳುತ್ತೇನೆ: "300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಡಾಕ್ಯುಮೆಂಟ್ ಅಂತ ಕಳಿಸಿ ಸಾರ್." ಫೋಟೊ ಅಂತ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ. ಆಗ ಮೊದಲು ಮಾಯವಾಗುವುದು ದಶಾಂಶದ ಚುಕ್ಕೆ. ಕಾಗದ ಓರೆಯಾಗಿದ್ದರೆ ಒಂದು ಸಾಲಿನ ಮೊತ್ತ ಪಕ್ಕದ ಸಾಲಿಗೆ ಜಾರುತ್ತದೆ.

ಚಿತ್ರದಿಂದ ಅಕ್ಷರ ತೆಗೆಯಲು ನಾನು ಬಳಸುವುದು ಟೆಸರಾಕ್ಟ್. ಸುಮ್ನೆ ಅಕ್ಷರ ತೆಗೆದರೆ ಕಾಲಂ ಉಳಿಯುವುದಿಲ್ಲ. ಖಾಲಿ ಖಾನೆ ಇದ್ದ ಕಡೆ ಪಕ್ಕದ ಅಂಕಿ ಬಂದು ಕೂರುತ್ತದೆ. ಹಾಗಾಗಿ ಪ್ರತಿ ಪದದ ಜಾಗವನ್ನೂ ಕೇಳಿ ಪಡೆಯುತ್ತೇನೆ.

```
tesseract bill.png out --psm 6 tsv
```

ಇದು ಕೊಡುವ ಪಟ್ಟಿಯಲ್ಲಿ ಪ್ರತಿ ಪದಕ್ಕೂ `left`, `width` ಎಂಬ ಎರಡು ಅಳತೆ ಇರುತ್ತವೆ. ಎರಡನ್ನೂ ಕೂಡಿಸಿದರೆ ಆ ಪದದ ಬಲ ಅಂಚು ಸಿಗುತ್ತದೆ. ಬಿಲ್ಲಿನಲ್ಲಿ ಅಂಕಿಗಳು ಬಲಕ್ಕೆ ಒತ್ತಿ ನಿಂತಿರುತ್ತವೆ. ಹಾಗಾಗಿ ಯಾವ ಅಂಕಿ ಯಾವ ಕಾಲಂನದ್ದು ಎಂದು ಹೇಳುವುದು ಬಲ ಅಂಚೇ, ಎಡ ಅಂಚಲ್ಲ. ನಮ್ಮ ಬಿಲ್ಲಿನ ಒಟ್ಟು ಸಾಲಿನಲ್ಲಿ ದರದ ಖಾನೆ ಖಾಲಿ. ಬಲ ಅಂಚು ನೋಡದೆ ಹೋಗಿದ್ದರೆ 90,600.00 ಹೋಗಿ ದರದ ಕೆಳಗೆ ಕೂರುತ್ತಿತ್ತು.

ಇನ್ನೊಂದು ಕಾಟ ಡಾಲರ್ ಗುರುತಿನದು. ಅದು ಎಷ್ಟೋ ಸಲ 8 ಆಗಿ ಬರುತ್ತದೆ, ಕೆಲವು ಸಲ 5. ನಮ್ಮ ರೂಪಾಯಿ ಗುರುತು ₹ ಇನ್ನೂ ಕೆಟ್ಟದು, 2 ಅಥವಾ 7 ಆಗುತ್ತದೆ. ಈ ಬಿಲ್ಲಿನಲ್ಲಿ $6.40 ಎಂಬುದು 86.40 ಆಗಿ ಬಂದಿತ್ತು. ಕಣ್ಣಿಗೆ ಎಲ್ಲೂ ತಪ್ಪು ಕಾಣುವುದಿಲ್ಲ, ಅದೂ ಒಂದು ದರವೇ ಅಲ್ವಾ? ಅದಕ್ಕೇ ಅನುವಾದಕ್ಕೆ ಕೈ ಹಾಕುವ ಮೊದಲು ಅಂಕಿಗಳನ್ನು ಎಕ್ಸೆಲ್‌ಗೆ ಹಾಕಿ ಪ್ರತಿ ಸಾಲಿಗೂ ಒಂದು ಲೆಕ್ಕ ಬರೆಯುತ್ತೇನೆ. ಡಿ ಕಾಲಂನಲ್ಲಿ ಕೆಜಿ, ಇ ಕಾಲಂನಲ್ಲಿ ದರ, ಎಫ್ ಕಾಲಂನಲ್ಲಿ ಮೊತ್ತ.

```
=ROUND(D2*E2,2)-F2
```

ಉತ್ತರ ಸೊನ್ನೆ ಬರಬೇಕು. 6,000 ಕೆಜಿಯನ್ನು 86.40ರಿಂದ ಗುಣಿಸಿದರೆ 518,400 ಆಗುತ್ತದೆ. ಬಿಲ್ಲಿನಲ್ಲಿ ಇರುವುದು 38,400. ಅಲ್ಲೇ ಸಿಕ್ಕಿಬಿದ್ದಿತು. ಒಂದು ಎಚ್ಚರ: ಲೆಕ್ಕ ಕೂಡದಿದ್ದಾಗ ಚಿತ್ರಕ್ಕೆ ಹೋಗಿ ನೋಡಬೇಕೇ ಹೊರತು ನಾವೇ ಅಂಕಿ ತಿದ್ದಬಾರದು. ಮೂಲ ಬಿಲ್ಲಿನಲ್ಲೇ ಕೂಡುವ ತಪ್ಪು ಇರಬಹುದು. ಆಗ ಇದ್ದದ್ದನ್ನು ಇದ್ದ ಹಾಗೆ ಬರೆದು, ಬಿಲ್ಲು ಕೊಟ್ಟವರಿಗೆ ಬೇರೆಯಾಗಿ ತಿಳಿಸುತ್ತೇನೆ.

ಈಗ ತಿರುಗಿಸುವ ಕೆಲಸ. ಅರೇಬಿಕ್ ಬಲದಿಂದ ಎಡಕ್ಕೆ ಓದುವ ಲಿಪಿ. ಹಾಗಾಗಿ ಕ್ರಮಸಂಖ್ಯೆಯ ಕಾಲಂ ಬಲ ತುದಿಗೆ ಬರಬೇಕು, ಆಮೇಲೆ ವಿವರ, ಚೀಲ, ಕೆಜಿ, ದರ, ಕೊನೆಗೆ ಎಡ ತುದಿಯಲ್ಲಿ ಮೊತ್ತ. ಇದನ್ನು ಕೈಯಿಂದ ಕಾಲಂ ಎಳೆದು ಮಾಡಲು ಹೋಗಬೇಡಿ. ಎಕ್ಸೆಲ್‌ನಲ್ಲಿ `Sheet Right-to-Left` ಒತ್ತಿದರೆ ಹಾಳೆ ಪೂರಾ ತಿರುಗುತ್ತದೆ. ಎ ಕಾಲಂ ಬಲಕ್ಕೆ ಹೋಗುತ್ತದೆ, ಸೂತ್ರಗಳು ಹಾಗೇ ಉಳಿಯುತ್ತವೆ. ವರ್ಡ್‌ನಲ್ಲೂ ಟೇಬಲ್‌ಗೆ ಇದೇ ರೀತಿಯ ಆಯ್ಕೆ ಇದೆ. ಕೈಯಿಂದಲೂ ಎಳೆದು, ಈ ಬಟನ್ನೂ ಒತ್ತಿದವರ ಫೈಲ್ ನನ್ನ ಹತ್ತಿರ ರಿಪೇರಿಗೆ ಬಂದಿದೆ. ಎರಡು ಸಲ ತಿರುಗಿ ಮೊದಲಿದ್ದಲ್ಲಿಗೇ ಬಂದು ನಿಂತಿತ್ತು!

ಟೇಬಲ್ ತಿರುಗಿತು ಅಂತ ಅಂಕಿಯನ್ನು ಎಡಕ್ಕೆ ಒತ್ತುವುದೂ ತಪ್ಪು. ಅರಬ್ಬರೂ ಅಂಕಿಯನ್ನು ನಮ್ಮ ಹಾಗೇ ಬರೆಯುತ್ತಾರೆ. ದೊಡ್ಡ ಸ್ಥಾನ ಎಡಕ್ಕೆ, ಬಿಡಿ ಸ್ಥಾನ ಬಲಕ್ಕೆ. ಬಿಡಿಯ ಕೆಳಗೆ ಬಿಡಿ, ಚುಕ್ಕೆಯ ಕೆಳಗೆ ಚುಕ್ಕೆ ಬರಬೇಕಾದರೆ ಅಂಕಿಯ ಕಾಲಂ ಬಲಕ್ಕೇ ಒತ್ತಿರಬೇಕು. ಎಡಕ್ಕೆ ಒತ್ತಿದರೆ 1,250.00ರ ಒಂದು ಸಾವಿರವು 89,350.00ರ ಎಂಬತ್ತು ಸಾವಿರದ ಮೇಲೆ ಬಂದು ಕೂರುತ್ತದೆ.

ಇನ್ನು ಆ 25-017/24ರ ಕಥೆ. ಎಡದಿಂದ ಹೋಗುವ ಬರಹವೂ ಬಲದಿಂದ ಬರುವ ಬರಹವೂ ಒಂದೇ ಸಾಲಿನಲ್ಲಿ ಸೇರಿದಾಗ ಯಾವುದು ಎಲ್ಲಿ ಕಾಣಬೇಕು ಎಂದು ತೀರ್ಮಾನಿಸಲು ಯುನಿಕೋಡ್‌ನಲ್ಲಿ ಒಂದು ನಿಯಮಾವಳಿ ಇದೆ. ಅದರಲ್ಲಿ ಒಂದು ಮಾತು ನಮಗೆ ಮುಖ್ಯ. ಅರೇಬಿಕ್ ಅಕ್ಷರದ ನಂತರ ಬರುವ 1, 2, 3 ಕೂಡ ಅರೇಬಿಕ್ ಅಂಕಿಯ ಲೆಕ್ಕಕ್ಕೆ ಸೇರುತ್ತದೆ. ಆಗ ಅಂಕಿಗಳ ನಡುವಿನ ಓರೆಗೆರೆ, ಅಲ್ಪವಿರಾಮ, ಚುಕ್ಕೆ ಅಂಕಿಯ ಜೊತೆಗೇ ಅಂಟಿಕೊಂಡಿರುತ್ತವೆ. ಅಡ್ಡಗೆರೆ ಮಾತ್ರ ಅಂಟುವುದಿಲ್ಲ. ಅದು ಸುತ್ತಲಿನ ಬರಹದ ಜೊತೆ ಬಲದಿಂದ ಎಡಕ್ಕೆ ಹೊರಡುತ್ತದೆ. ಹಾಗಾಗಿ 017/24 ಒಂದು ತುಂಡಾಗಿ ಬಲಕ್ಕೆ ನಿಂತಿತು, ಅಡ್ಡಗೆರೆ ಅದರ ಎಡಕ್ಕೆ, 25 ಇನ್ನೂ ಎಡಕ್ಕೆ. ತಾರೀಖಿಗೂ ಇದೇ ಗತಿ. 12/05/2024 ಎಂದು ಬರೆದರೆ ಹಾಗೇ ಉಳಿಯುತ್ತದೆ. 12-05-2024 ಎಂದು ಬರೆದರೆ 2024-05-12 ಎಂದು ಕಾಣುತ್ತದೆ.

ಕರೆನ್ಸಿ ಗುರುತಿನ ಚಾಳಿ ಇದಕ್ಕಿಂತ ಮೋಜಿನದು. ಖಾನೆಯಲ್ಲಿ $38,400.00 ಒಂದೇ ಇದ್ದರೆ ಗುರುತು ಎಡದಲ್ಲೇ ಇರುತ್ತದೆ, ಅಂಕಿಯ ಜೊತೆ ಹೋಗುತ್ತದೆ. ಆದರೆ ಅದೇ ಖಾನೆಯಲ್ಲಿ 'ಅಲ್-ಇಜ್ಮಾಲಿ', ಅಂದರೆ 'ಒಟ್ಟು', ಎಂಬ ಪದ ಬರೆದು ಮುಂದೆ ಮೊತ್ತ ಹಾಕಿದರೆ ಗುರುತು ಅಂಕಿಯನ್ನು ಬಿಟ್ಟು ಬಲಕ್ಕೆ ಜಿಗಿಯುತ್ತದೆ: 89,350.00$. ಒಂದೇ ಪುಟದಲ್ಲಿ ಮೇಲೆ ಒಂದು ರೀತಿ, ಕೆಳಗೆ ಇನ್ನೊಂದು ರೀತಿ. ಬ್ಯಾಂಕಿನಲ್ಲಿ ಕೂತು ಓದುವವರಿಗೆ ಯಾರೋ ತಿದ್ದಿದ ಹಾಗೆ ಕಾಣದೆ ಇರುತ್ತದೆಯೇ? ರಿಯಾಯಿತಿ ಸಾಲಿನ -$1,250.00 ಅಂತೂ ಒಂಟಿಯಾಗಿದ್ದರೂ $1,250.00- ಆಗುತ್ತದೆ. ಪದದ ಪಕ್ಕ ಇದ್ದರೆ 1,250.00$- ಆಗುತ್ತದೆ.

ಮದ್ದು ಚಿಕ್ಕದು. ಅಂಕಿಯ ಮುಂಚೆ ಒಂದು ಕಣ್ಣಿಗೆ ಕಾಣದ ಗುರುತು ಹಾಕಬೇಕು. 'ಇಲ್ಲಿಂದ ಎಡದಿಂದ ಬಲಕ್ಕೆ' ಎಂದು ಹೇಳುವ ಗುರುತು ಅದು. ವರ್ಡ್‌ನಲ್ಲಿ `200E` ಎಂದು ಟೈಪ್ ಮಾಡಿ `Alt+X` ಒತ್ತಿದರೆ ಬರುತ್ತದೆ. ಮೊತ್ತ, ತಾರೀಖು, ಬಿಲ್ ನಂಬರ್, ಮೈನಸ್ ಎಲ್ಲಕ್ಕೂ ಇದೊಂದೇ ಸಾಕು.

ಆದರೆ ಇದನ್ನು ಎಕ್ಸೆಲ್‌ನ ಅಂಕಿಯ ಖಾನೆಯಲ್ಲಿ ಹಾಕಬೇಡಿ. ಹಾಕಿದ ಕೂಡಲೇ ಅದು ಅಂಕಿಯಾಗಿ ಉಳಿಯದೆ ಬರಹವಾಗುತ್ತದೆ. `SUM` ಅದನ್ನು ಬಿಟ್ಟು ಕೂಡುತ್ತದೆ, ತಪ್ಪಾಯಿತು ಅಂತ ಹೇಳುವುದೂ ಇಲ್ಲ. ನಾನು ಒಮ್ಮೆ ಹೀಗೆ ಮಾಡಿ, ಒಟ್ಟು ಸಾಲಿನಲ್ಲಿ ರೋಬಸ್ಟಾ ಸಾಲಿನ ಹಣವೊಂದೇ ಬಂದಾಗ ಅರ್ಧ ತಾಸು ತಲೆ ಕೆರೆದುಕೊಂಡಿದ್ದೆ. ಅದಾದ ಮೇಲೆ ನನ್ನ ಕ್ರಮ ಬದಲಾಯಿತು. ಗಿರಾಕಿ ಒಪ್ಪಿದರೆ ಕರೆನ್ಸಿಯನ್ನು ಕಾಲಂ ತಲೆಯಲ್ಲಿ `USD` ಎಂದು ಒಮ್ಮೆ ಬರೆಯುತ್ತೇನೆ, ಖಾನೆಯೊಳಗೆ ಬರೀ ಅಂಕಿ. ಕಳೆಯುವ ಮೊತ್ತಕ್ಕೆ ಮೈನಸ್ ಬದಲು ಲೆಕ್ಕದವರ ಹಾಗೆ ಆವರಣ: (1,250.00). ಆವರಣ ಎರಡೂ ಕಡೆ ಇರುವುದರಿಂದ ತಿರುಗಿದರೂ ಹಾಗೇ ಕಾಣುತ್ತದೆ. ಮೂಲದಲ್ಲಿದ್ದ ಗುರುತೇ ಬೇಕು ಎನ್ನುವವರಿಗೆ ಮಾತ್ರ ವರ್ಡ್‌ನಲ್ಲಿ ಕಾಣದ ಗುರುತಿನ ಕೆಲಸ.

ಅಂಕಿಯ ಆಕಾರವನ್ನೂ ಕೇಳಿ ತಿಳಿದುಕೊಳ್ಳಬೇಕು. ಗಲ್ಫ್‌ನಲ್ಲಿ 1, 2, 3 ಕೂಡ ನಡೆಯುತ್ತದೆ, ಅರೇಬಿಕ್ ಆಕಾರದ ಅಂಕಿಗಳೂ ನಡೆಯುತ್ತವೆ. ಆ ಆಕಾರದಲ್ಲಿ ಐದು ನಮ್ಮ ಸೊನ್ನೆಯ ಹಾಗೆ ದುಂಡಗಿರುತ್ತದೆ, ಸೊನ್ನೆ ಬರೀ ಒಂದು ಚುಕ್ಕೆ. ಕನ್ನಡದ ಕಣ್ಣಿಗೆ ಇದಕ್ಕಿಂತ ದೊಡ್ಡ ಹಳ್ಳ ಬೇರೆ ಇಲ್ಲ. ಬಿಲ್ ನಂಬರ್, ಬ್ಯಾಂಕ್ ಖಾತೆ ನಂಬರ್ ಇವನ್ನು ನಾನು ಆ ಆಕಾರಕ್ಕೆ ಬದಲಿಸುವುದೇ ಇಲ್ಲ. ರೂಪಾಯಿ ಬಿಲ್ಲಾದರೆ 12,34,567 ಎಂಬುದನ್ನು 1,234,567 ಎಂದು ಬಿಡಿಸಿ ಬರೆಯಬೇಕು. ಲಕ್ಷದ ಅಲ್ಪವಿರಾಮ ಅಲ್ಲಿನವರಿಗೆ ಅಚ್ಚಿನ ತಪ್ಪಿನಂತೆ ಕಾಣುತ್ತದೆ. ಕುವೈತ್ ದಿನಾರ್ ಬಂದರೆ ಚುಕ್ಕೆಯ ಮುಂದೆ ಮೂರು ಅಂಕಿ, ಏಕೆಂದರೆ ದಿನಾರಿಗೆ ಸಾವಿರ ಫಿಲ್ಸ್. 12.500 ಎಂದರೆ ಹನ್ನೆರಡೂವರೆ ದಿನಾರ್, ಹನ್ನೆರಡೂವರೆ ಸಾವಿರ ಅಲ್ಲ.

ವಿವರದ ಕಾಲಂ ಬಗ್ಗೆ ಒಂದೇ ಮಾತು. ರೋಬಸ್ಟಾ ಚೆರ್ರಿಯನ್ನು ನಿಘಂಟು ನೋಡಿ 'ಕರಝ್' ಎಂದು ಬರೆದಿದ್ದ ಒಂದು ಹಳೇ ಅನುವಾದ ನೋಡಿದ್ದೇನೆ. ಅದು ತಿನ್ನುವ ಚೆರ್ರಿ ಹಣ್ಣು. ನಮ್ಮಲ್ಲಿ ಚೆರ್ರಿ ಅಂದರೆ ಹಣ್ಣನ್ನು ಹಾಗೇ ಒಣಗಿಸಿ ತೆಗೆದ ಕಾಫಿ. ದರ್ಜೆಯ ಹೆಸರನ್ನು ಉಚ್ಚಾರದಂತೆ ಬರೆದು ಪಕ್ಕದಲ್ಲಿ ಇಂಗ್ಲಿಷ್ ಅಕ್ಷರ ಇಟ್ಟರೆ ಸಾಕು.

ಕೊನೆಗೆ ಪಿಡಿಎಫ್ ಮಾಡಿ, ಅದನ್ನೇ ಅಚ್ಚು ಹಾಕಿ ನೋಡುತ್ತೇನೆ. ಒಂದೊಂದು ಸಾಫ್ಟ್‌ವೇರ್ ಒಂದೊಂದು ರೀತಿ ತೋರಿಸುವುದರಿಂದ ಪರದೆ ನಂಬುವ ಹಾಗಿಲ್ಲ. ಫೋನ್ ಬಂದ ಮೇಲೆ ಆ ಬಿಲ್ಲನ್ನು ಸರಿಮಾಡಿದ ದಿನ ರೈಟರ್ ಎದುರಿಗೇ ಕೂತಿದ್ದರು. ನಾನು ಅರೇಬಿಕ್ ಹಾಳೆಯಿಂದ ಬಲದಿಂದ ಎಡಕ್ಕೆ ಓದುತ್ತಾ ಹೋದೆ, ಅವರು ಮೂಲದಲ್ಲಿ ಎಡದಿಂದ ಬಲಕ್ಕೆ ಟಿಕ್ ಹಾಕುತ್ತಾ ಬಂದರು. ಅಂಕಿಗಳೆಲ್ಲ ಕೂಡಿದವು. ಅಕ್ಷರದಲ್ಲಿ ಬರೆದ ಮೊತ್ತಕ್ಕೆ ಬಂದಾಗ ಅವರ ಪೆನ್ನು ನಿಂತಿತು. "ಒಂಬತ್ತು ಮತ್ತು ಎಂಬತ್ತು ಸಾವಿರ ಅಂದ್ರಲ್ಲ ಸಾರ್, ಎಂಬತ್ತೊಂಬತ್ತು ಅಲ್ವಾ?" ಅರೇಬಿಕ್‌ನಲ್ಲಿ ಬಿಡಿಯನ್ನು ಮೊದಲು ಹೇಳಿ ಆಮೇಲೆ ಹತ್ತನ್ನು ಹೇಳುತ್ತಾರೆ ಎಂದೆ. ಅವರು ಸ್ವಲ್ಪ ಯೋಚಿಸಿ ಟಿಕ್ ಹಾಕಿದರು. ಆಮೇಲೆ ಇನ್‌ವಾಯ್ಸ್ ನಂಬರಿಗೆ ವಾಪಸ್ ಹೋಗಿ, ಬೆರಳಿಟ್ಟು ಇನ್ನೊಮ್ಮೆ ನೋಡಿದರು. 017/24-25.