ಇಪ್ಪತ್ತು ವರ್ಷದ ನಂಬಿಕಸ್ಥನ ಲೆಕ್ಕವನ್ನು ಆಡಿಟರ್ ಯಾಕೆ ಕೆದಕಬೇಕು?

ಪ್ರಶ್ನೆ: ನಮ್ಮ ಸೊಸೈಟಿಯ ಪಿಗ್ಮಿ ಏಜೆಂಟ್ 20 ವರ್ಷದಿಂದ ಒಂದು ರೂಪಾಯಿ ಹೆಚ್ಚುಕಮ್ಮಿ ಮಾಡಿದವರಲ್ಲ. ಆದರೂ ಆಡಿಟರ್ ಅಂಗಡಿ ಅಂಗಡಿಗೆ ಹೋಗಿ ಪಾಸ್‌ಬುಕ್ ಕೇಳುತ್ತಿದ್ದಾರೆ. ‘ವಂಚನೆಯ ತ್ರಿಕೋನ’ ಅಂತೇನೋ ಕಾರಣ ಕೊಟ್ಟರು. ಇದು ಅನುಮಾನವಲ್ಲದೆ ಮತ್ತೇನು?

ಊರು, ಹುದ್ದೆ ಬದಲಾದರೂ ಪ್ರತಿ ಆಡಿಟ್ ಕಾಲದಲ್ಲಿ ಬರುವ ಪ್ರಶ್ನೆ ಇದೇ. ವಂಚನೆಗೆ ದಾರಿ ಮಾಡುವ ಮೂರು ಸಂಗತಿಗಳೇ ತ್ರಿಕೋನದ ಮೂರು ಬದಿಗಳು: ಒತ್ತಡ, ಅವಕಾಶ, ಮನಸ್ಸಿಗೆ ತಾನೇ ಕೊಟ್ಟುಕೊಳ್ಳುವ ಸಮರ್ಥನೆ. ಇಷ್ಟು ಎಲ್ಲರಿಗೂ ಗೊತ್ತು. ಎಡವುವುದು ಮುಂದಿನ ಹೆಜ್ಜೆಯಲ್ಲಿ: ‘ಒಳ್ಳೆಯ ಮನುಷ್ಯ, ಆದ್ದರಿಂದ ಅಪಾಯವಿಲ್ಲ’.

ಈ ಮಾತು ತ್ರಿಕೋನದ ಬುಡಕ್ಕೇ ವಿರುದ್ಧ. ಇದರ ಮೂಲ ಅಮೆರಿಕದ ಅಪರಾಧಶಾಸ್ತ್ರಜ್ಞ ಡೊನಾಲ್ಡ್ ಕ್ರೆಸ್ಸಿ 1953ರಲ್ಲಿ ಪ್ರಕಟಿಸಿದ ಅಧ್ಯಯನ. ಜೈಲಿನಲ್ಲಿದ್ದವರನ್ನು ಮಾತಾಡಿಸುವಾಗ ಕ್ರೆಸ್ಸಿ ಹಾಕಿಕೊಂಡಿದ್ದ ಷರತ್ತನ್ನು ಗಮನಿಸಿ: ಕದಿಯುವ ಉದ್ದೇಶದಿಂದಲೇ ಕೆಲಸಕ್ಕೆ ಸೇರಿದವರು ಬೇಡ, ಪ್ರಾಮಾಣಿಕವಾಗಿ ಹೊಣೆ ಹೊತ್ತು ಆಮೇಲೆ ಅದನ್ನು ಮುರಿದವರು ಮಾತ್ರ ಬೇಕು. ಅಂದರೆ ಈ ವಿಚಾರ ಹುಟ್ಟಿದ್ದೇ ನಂಬಿಕಸ್ಥರಿಂದ. ಅವರಿಗೆ ಯಾರ ಹತ್ತಿರವೂ ಹೇಳಿಕೊಳ್ಳಲಾಗದ ಹಣದ ಕಷ್ಟವಿತ್ತು, ಕೈಯಲ್ಲಿ ಬೇರೆಯವರ ದುಡ್ಡಿತ್ತು, ಮನಸ್ಸಿನಲ್ಲಿ ‘ಇದು ಕೈಗಡ, ತಿರುಗಿ ಇಟ್ಟುಬಿಡ್ತೀನಿ’ ಎಂಬ ಮಾತಿತ್ತು. ನಂಬಿಕೆ ಇಲ್ಲದವನ ಕೈಗೆ ಯಾರೂ ಪಿಗ್ಮಿ ದುಡ್ಡು ಕೊಡುವುದಿಲ್ಲವಲ್ಲ! ಇಪ್ಪತ್ತು ವರ್ಷದ ನಂಬಿಕೆ ಒತ್ತಡವನ್ನು ತಡೆಯದು. ಯಾರೂ ತಾಳೆ ನೋಡದಂತೆ ಮಾಡಿ ಅವಕಾಶವನ್ನು ಮಾತ್ರ ದೊಡ್ಡದು ಮಾಡುತ್ತದೆ. ಆಡಿಟರುಗಳು ಪಾಲಿಸಬೇಕಾದ ಎಸ್‌ಎ 240 ಮಾನದಂಡವೂ ಆಡಳಿತದವರ ಪ್ರಾಮಾಣಿಕತೆಯ ಹಿಂದಿನ ಅನುಭವ ಏನೇ ಇದ್ದರೂ ಎಚ್ಚರ ಬಿಡಬೇಡಿ ಎನ್ನುತ್ತದೆ.

ಮೂರೂ ಬದಿ ಕಂಡ ಮೇಲೆಯೇ ಅಪಾಯ ಎಂದು ಬರೆಯಬೇಕೆಂದೂ ಇಲ್ಲ. ಸಮರ್ಥನೆ ಇರುವುದು ಮನಸ್ಸಿನೊಳಗೆ, ಅದನ್ನು ಆಡಿಟರ್ ಕಾಣುವುದು ಅಪರೂಪ. ಮಗಳ ಮದುವೆಯ ಸಾಲ, ಆಸ್ಪತ್ರೆ ಖರ್ಚಿನಂಥ ಒತ್ತಡ ಕೆಲವೊಮ್ಮೆ ಕಿವಿಗೆ ಬೀಳಬಹುದು. ಪೂರ್ತಿ ಪರೀಕ್ಷಿಸಿ ನೋಡಲು ಸಿಗುವುದು ಅವಕಾಶ ಒಂದೇ. ಆದ್ದರಿಂದ ಆಡಿಟರ್ ‘ಇವನು ಕಳ್ಳನೇ?’ ಎಂದು ಕೇಳುವುದಿಲ್ಲ, ‘ಈ ಜಾಗದಲ್ಲಿ ಯಾರೇ ಕೂತರೂ ಏನು ಮಾಡಬಹುದು, ಮಾಡಿದರೆ ಗುರುತು ಎಲ್ಲಿ ಉಳಿಯುತ್ತದೆ?’ ಎಂದು ಕೇಳುತ್ತಾರೆ.

ಒಂದು ಲೆಕ್ಕ ಹಾಕಿ ನೋಡೋಣ. 120 ಅಂಗಡಿ, ದಿನಕ್ಕೆ ತಲಾ ₹100, ಒಟ್ಟು ₹12,000. ಏಜೆಂಟ್ ಸೋಮವಾರ ಹತ್ತು ಅಂಗಡಿಯ ₹1,000 ಇಟ್ಟುಕೊಳ್ಳುತ್ತಾನೆ. ಮಂಗಳವಾರದ ವಸೂಲಿಯಲ್ಲಿ ಆ ಹತ್ತು ಖಾತೆಗೆ ತುಂಬಿ, ಇನ್ನೊಂದು ಸಾವಿರ ಇಟ್ಟುಕೊಂಡು, ಮತ್ತೊಂದಷ್ಟು ಖಾತೆಗಳನ್ನು ಹಿಂದೆ ಬಿಡುತ್ತಾನೆ. ದಿನಕ್ಕೆ ಸಾವಿರದಂತೆ 25 ದಿನ ನಡೆದರೆ ಕೊರತೆ ₹25,000, ಅಂದರೆ ಎರಡು ದಿನದ ಪೂರ್ತಿ ವಸೂಲಿಗಿಂತ ಹೆಚ್ಚು. ಪಾಸ್‌ಬುಕ್ಕಿನಲ್ಲಿ ಅಂಗಡಿಯವರ ಎದುರೇ ಆ ದಿನದ ತಾರೀಖು ಬೀಳುತ್ತದೆ, ಸೊಸೈಟಿಯ ಲೆಡ್ಜರಿನಲ್ಲಿ ಜಮಾ ಎರಡು ಮೂರು ದಿನ ತಡ. ಒಂದು ದಿನ ರಜೆ ಹಾಕಿದರೂ ಬದಲಿಗೆ ಹೋದವನಿಗೆ ಇದು ಕಂಡುಬಿಡುತ್ತದೆ. ವರ್ಷಗಟ್ಟಲೆ ರಜೆಯನ್ನೇ ಹಾಕದವರನ್ನು ಆಡಿಟರ್ ‘ಶ್ರದ್ಧೆ’ ಎಂದು ಬರೆದುಕೊಳ್ಳದಿರುವುದು ಇದಕ್ಕೇ.

ಕಚೇರಿಯಲ್ಲೇ ಕೂತು ಲೆಡ್ಜರನ್ನೂ ಕ್ಯಾಶ್‌ಬುಕ್ಕನ್ನೂ ಹೋಲಿಸಿದರೆ ಎರಡೂ ಸರಿಯಾಗಿ ತಾಳೆಯಾಗುತ್ತವೆ, ಏಕೆಂದರೆ ಬಾರದ ದುಡ್ಡು ಎರಡರಲ್ಲೂ ಇಲ್ಲ. ಅದಕ್ಕೇ ಬೀದಿಗೆ ಇಳಿಯಬೇಕು. ಖಾತೆಗಳನ್ನು ಆರಿಸುವುದು ಆಡಿಟರೇ ಆಗಿರಬೇಕು, ಏಜೆಂಟ್ ತಂದುಕೊಟ್ಟ ಪಾಸ್‌ಬುಕ್ ನೋಡಿ ಪ್ರಯೋಜನವಿಲ್ಲ. ಮುನ್ಸೂಚನೆ ಕೊಡಬಾರದು. ಬಾಕಿ ಮಾತ್ರವಲ್ಲದೆ ಒಂದೊಂದು ಕಂತಿನ ತಾರೀಖನ್ನೂ ಹೋಲಿಸಬೇಕು. ಇನ್ನೂ ಒಂದು: ಲೆಡ್ಜರಿನಿಂದ ಆರಿಸಿದ ಹೆಸರುಗಳಷ್ಟೇ ಸಾಲದು. ಅದೇ ಬೀದಿಯಲ್ಲಿ ಪಿಗ್ಮಿ ಕಟ್ಟುವ ಬೇರೆಯವರನ್ನೂ ವಿಚಾರಿಸಬೇಕು. ಕೈಯಲ್ಲಿ ಪಾಸ್‌ಬುಕ್ ಇದ್ದು ಲೆಡ್ಜರಿನಲ್ಲಿ ಖಾತೆಯೇ ಇಲ್ಲದವರು ಸಿಗುವುದು ಹಾಗೆ ಮಾತ್ರ.

ಇಲ್ಲಿ ಯಾರೂ ಕೇಳದ ಪ್ರಶ್ನೆಯೊಂದಿದೆ: ಕಾವಲು ಕಾಯಬೇಕಾದ ಮೇಲಿನವರೇ ಕೈಯಾಡಿಸಿದರೆ? ಸಣ್ಣ ನೌಕರನಿಗೆ ಅವಕಾಶ ಸಿಗುವುದು ನಿಯಮ ಸಡಿಲಾದಾಗ. ಮೇಲಿನವರು ನಿಯಮವನ್ನೇ ದಾಟಬಲ್ಲರು. ಅದಕ್ಕೇ ಎಸ್‌ಎ 240 ಈ ಅಪಾಯವನ್ನು ಯಾವ ಸಂಸ್ಥೆಯಲ್ಲೂ ‘ಇಲ್ಲ’ ಎನ್ನಲು ಬಿಡುವುದಿಲ್ಲ. ಜರ್ನಲ್ ಎಂಟ್ರಿಗಳನ್ನೂ ಅಂದಾಜು ಲೆಕ್ಕಗಳನ್ನೂ ಎಲ್ಲೆಡೆ ಪರೀಕ್ಷಿಸಲೇಬೇಕು. ಹೈದರಾಬಾದಿನ ಐಟಿ ಕಂಪನಿ ಸತ್ಯಂನ ಅಧ್ಯಕ್ಷರು 2009ರ ಜನವರಿ 7ರ ಪತ್ರದಲ್ಲಿ ಒಪ್ಪಿಕೊಂಡಂತೆ, ಲೆಕ್ಕದಲ್ಲಿದ್ದ ನಗದು ಮತ್ತು ಬ್ಯಾಂಕ್ ಬಾಕಿಯಲ್ಲಿ ₹5,040 ಕೋಟಿ ಇರಲೇ ಇಲ್ಲ. ತಮಗೊಂದು ಪೈಸೆಯ ಲಾಭವೂ ಆಗಿಲ್ಲ ಎಂಬ ಸಮರ್ಥನೆಯೂ ಅದೇ ಪತ್ರದಲ್ಲಿತ್ತು. ಬ್ಯಾಂಕಿನ ದೃಢೀಕರಣ ಪತ್ರಗಳನ್ನು ತರಿಸಿಕೊಳ್ಳುವ ಕೆಲಸವನ್ನು ಆಡಿಟರುಗಳು ಕಂಪನಿಯವರ ಕೈಗೇ ಬಿಟ್ಟಿದ್ದರೆಂದು ಅಮೆರಿಕದ ನಿಯಂತ್ರಕರು 2011ರಲ್ಲಿ ಹೇಳಿದರು. ಪಾಸ್‌ಬುಕ್ ತಂದುಕೊಡಿ ಎಂದು ಪಿಗ್ಮಿ ಏಜೆಂಟನಿಗೇ ಹೇಳಿದ ಹಾಗೆ.