'ಟಕ್ ಟಕ್' ಎಂದು ಬಂದವರಿಗೆ 'ಯಾರು?' ಎನ್ನಿ

ಬರಹದ ಮೂಲಕ ಆಪ್ತಸಮಾಲೋಚನೆ ಮಾಡುವವರಿಗೆ ಬರುವ ಮೊದಲ ಸಂದೇಶಗಳಲ್ಲಿ ನಾನು ತುಂಬಾ ಮರ್ಯಾದೆ ಕೊಡುವುದು ತಮಾಷೆಯ ಸಂದೇಶಕ್ಕೆ. 'ಯಾರಾದರೂ ಇದ್ದೀರಾ?', 'ಒಂದು ಪ್ರಶ್ನೆ ಕೇಳಬಹುದೇ?' ಎಂದು ಬರುವವರ ಮನಸ್ಸು ಸ್ವಲ್ಪ ಬೇಗ ತಿಳಿಯುತ್ತದೆ. ಆದರೆ ರಾತ್ರಿ ಹನ್ನೊಂದು ಗಂಟೆ ಕಳೆದ ಮೇಲೆ ಪರದೆಯ ಮೇಲೆ, ಬಾಗಿಲು ತಟ್ಟುವ ಪ್ರಶ್ನೋತ್ತರದ ತಮಾಷೆ ಶುರುಮಾಡುವಂತೆ, 'ಟಕ್ ಟಕ್' ಎಂಬ ಎರಡೇ ಪದ ಮೂಡಿದರೆ ಹೊಸ ಸ್ವಯಂಸೇವಕರ ಕೈ ತಡವರಿಸುತ್ತದೆ. ಯಾರೋ ಹುಡುಗಾಟ ಆಡುತ್ತಿದ್ದಾರೆ, ನಿಜವಾಗಿ ಕಷ್ಟದಲ್ಲಿರುವವರು ಸರದಿಯಲ್ಲಿ ಕಾಯುತ್ತಿದ್ದಾರೆ ಎಂಬ ಯೋಚನೆ ಅವರಿಗೆ ಬರುತ್ತದೆ.

ಆ ತಪ್ಪನ್ನು ನಾನೂ ಮಾಡಿದ್ದೇನೆ. ಸೇವೆಗೆ ಸೇರಿದ ಮೊದಲ ತಿಂಗಳಲ್ಲಿ ಇಂಥದ್ದೇ ಸಂದೇಶವೊಂದಕ್ಕೆ 'ನಮಸ್ಕಾರ, ನಮ್ಮ ಸೇವೆಗೆ ಸ್ವಾಗತ. ದಯವಿಟ್ಟು ನಿಮ್ಮ ಸಮಸ್ಯೆಯನ್ನು ತಿಳಿಸಿ' ಎಂದು ಸಿದ್ಧ ವಾಕ್ಯವನ್ನು ಕಳುಹಿಸಿದೆ. ಆ ಕಡೆಯಿಂದ 'ಏನಿಲ್ಲ, ಸುಮ್ಮನೆ' ಎಂಬ ಉತ್ತರ ಬಂತು. ಒಂದು ನಿಮಿಷ ತುಂಬುವುದರೊಳಗೆ ಸಂಭಾಷಣೆ ಮುಗಿದಿತ್ತು. ಅವರು ಯಾರು, ಏಕೆ ಬಂದಿದ್ದರು ಎಂಬುದು ನನಗೆ ಈಗಲೂ ಗೊತ್ತಿಲ್ಲ. ಬಾಗಿಲು ತಟ್ಟಿದವರಿಗೆ ನಾನು ಅರ್ಜಿ ನಮೂನೆಯನ್ನು ಚಾಚಿದ್ದೆ.

ಬಾಗಿಲು ತಟ್ಟುವ ಈ ತಮಾಷೆಯ ರಚನೆಯನ್ನು ಒಮ್ಮೆ ಬಿಡಿಸಿ ನೋಡಿ. ಅದರಲ್ಲಿ ಐದು ಸಾಲುಗಳಿವೆ. ಬಂದವರು ತಟ್ಟುತ್ತಾರೆ, ಒಳಗಿನವರು 'ಯಾರು?' ಎನ್ನುತ್ತಾರೆ. ಬಂದವರು ಒಂದು ಹೆಸರು ಹೇಳುತ್ತಾರೆ, ಒಳಗಿನವರು ಆ ಹೆಸರನ್ನೇ ಹಿಡಿದು ಮತ್ತೆ ಕೇಳುತ್ತಾರೆ. ಕೊನೆಯ ಸಾಲು ಬಂದವರದು. ಒಳಗಿನವರ ಎರಡೂ ಸಾಲುಗಳು ಪ್ರಶ್ನೆಗಳೇ, ಎರಡೂ ಮೊದಲೇ ಗೊತ್ತಿರುವಂಥವು. ನೆರವು ಕೇಳಲು ಬಂದವರು ಸಾಮಾನ್ಯವಾಗಿ ಉತ್ತರ ಕೊಡುವ ಜಾಗದಲ್ಲಿ ಸಿಕ್ಕಿಕೊಂಡಿರುತ್ತಾರೆ. ಹೆಸರೇನು, ಏನಾಯಿತು, ಯಾವಾಗಿನಿಂದ ಎಂದು ಬೇರೆಯವರು ಕೇಳುತ್ತಾ ಹೋಗುತ್ತಾರೆ. ಈ ತಮಾಷೆಯಲ್ಲಿ ಮಾತ್ರ ನಾವು ಏನು ಕೇಳಬೇಕೆಂಬುದನ್ನು ಅವರೇ ತೀರ್ಮಾನಿಸುತ್ತಾರೆ. ಕೊನೆಯ ಮಾತು ಏನೆಂಬುದು ಅವರಿಗೆ ಮಾತ್ರ ಗೊತ್ತಿರುತ್ತದೆ. ಹತ್ತು ಸೆಕೆಂಡುಗಳ ಮಟ್ಟಿಗಾದರೂ ಸಂಭಾಷಣೆಯ ಲಗಾಮು ಅವರ ಕೈಯಲ್ಲಿರುತ್ತದೆ. ಜೊತೆಗೆ ಒಂದು ಪರೀಕ್ಷೆಯೂ ನಡೆಯುತ್ತದೆ: ಆ ಕಡೆ ಇರುವುದು ಮನುಷ್ಯರೋ ಯಂತ್ರದ ಸಿದ್ಧ ಉತ್ತರವೋ? ಮನುಷ್ಯರೇ ಆಗಿದ್ದರೆ, ನನಗಾಗಿ ಒಂದು ಹೆಜ್ಜೆ ಸರಿದು ಕೂರುವಂಥವರೋ ಅಲ್ಲವೋ?

ಮೊದಲ ಮಾತಿನ ಈ ಸೂಕ್ಷ್ಮ ನಮ್ಮ ಕ್ಷೇತ್ರಕ್ಕೆ ಹೊಸದಲ್ಲ. ಅಮೆರಿಕದ ಸಮಾಜವಿಜ್ಞಾನಿ ಹಾರ್ವೆ ಸ್ಯಾಕ್ಸ್ 1963–64ರಲ್ಲಿ ಲಾಸ್ ಏಂಜಲೀಸ್‌ನ ಆತ್ಮಹತ್ಯೆ ತಡೆ ಕೇಂದ್ರಕ್ಕೆ ಬಂದ ದೂರವಾಣಿ ಕರೆಗಳನ್ನು ಅಧ್ಯಯನ ಮಾಡಿದರು. ಸಿಬ್ಬಂದಿ ತಮ್ಮ ಹೆಸರು ಹೇಳಿದರೆ ಕರೆ ಮಾಡಿದವರೂ ಹೆಸರು ಹೇಳುವುದು ವಾಡಿಕೆ. ಒಂದು ಕರೆಯಲ್ಲಿ ಮಾತ್ರ ಕರೆ ಮಾಡಿದವರು 'ನಿಮ್ಮ ಮಾತು ಕೇಳಿಸುತ್ತಿಲ್ಲ' ಎಂದರು. ಹೆಸರು ಬರಬೇಕಾದ ಜಾಗವನ್ನು ಆ ಮಾತು ತುಂಬಿಬಿಟ್ಟಿತು. 'ಹೆಸರು ಹೇಳುವುದಿಲ್ಲ' ಎನ್ನದೆಯೇ ಹೆಸರು ತಪ್ಪಿಸಿಕೊಳ್ಳಲು ಸಾಧ್ಯವಾಯಿತು. 'ಟಕ್ ಟಕ್' ಕೂಡ ಹಾಗೆಯೇ ಎಂಬುದು ನನ್ನ ತಿಳಿವಳಿಕೆ. ಕಷ್ಟವನ್ನು ಹೇಳಬೇಕಾದ ಮೊದಲ ಜಾಗವನ್ನು ಅದು ತುಂಬುತ್ತದೆ. ಹೇಳುವುದಿಲ್ಲ ಎಂದೂ ಅಲ್ಲ, ಈಗಲೇ ಹೇಳುತ್ತೇನೆ ಎಂದೂ ಅಲ್ಲ.

ಒಂದು ಸಂಭಾಷಣೆಯನ್ನು ಸಾಲುಸಾಲಾಗಿ ನೋಡೋಣ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ರಾತ್ರಿ 11.20ಕ್ಕೆ 'ಟಕ್ ಟಕ್' ಬಂತು. ನಮ್ಮ ಸ್ವಯಂಸೇವಕಿ ತಡಮಾಡದೆ 'ಯಾರು?' ಎಂದು ಬರೆದರು.

'ಬೇಡ.'

'ಯಾವ ಬೇಡ? ಬಿಲ್ಲು ಬಾಣ ಹಿಡಿದವನೇ?'

'ಅಲ್ಲ. ಬಾಗಿಲು ತೆಗೆಯುವುದೇ ಬೇಡ.'

ಮುಂದಿನ ಸಾಲಿನ ಮೇಲೆ ಎಲ್ಲವೂ ನಿಂತಿರುತ್ತದೆ. ಕಲಿಯುವವರಲ್ಲಿ ಹೆಚ್ಚಿನವರು ಇಲ್ಲಿ 'ತಮಾಷೆ ಚೆನ್ನಾಗಿದೆ. ಆದರೆ ನಿಮಗೆ ಏನು ಸಹಾಯ ಬೇಕು?' ಎಂದು ಬರೆಯುತ್ತಾರೆ. ಆ 'ಆದರೆ' ಹಿಂದಿನ ನಗುವನ್ನೆಲ್ಲ ಒರೆಸಿಹಾಕುತ್ತದೆ. ಆಟ ಮುಗಿಯಿತು, ಇನ್ನು ಪಾಠ ಎಂಬ ಮೇಷ್ಟರ ದನಿ ಅದರಲ್ಲಿ ಬಂದುಬಿಡುತ್ತದೆ. ನಮ್ಮ ಸ್ವಯಂಸೇವಕಿ ಹೀಗೆ ಬರೆದರು: 'ಇದನ್ನು ನಾನು ಊಹಿಸಿರಲೇ ಇಲ್ಲ, ನಗು ಬಂತು. ಸರಿ, ನೀವು ಹೇಳುವವರೆಗೆ ತೆಗೆಯುವುದಿಲ್ಲ. ಬಾಗಿಲ ಈಚೆ ಕುಳಿತಿರುತ್ತೇನೆ. ತುಂಬಾ ಹೊತ್ತಾಗಿದೆ, ನಿದ್ದೆ ಬರುತ್ತಿಲ್ಲವೇ?'

ಇದರಲ್ಲಿ ಮೂರು ಕೆಲಸಗಳು ಆಗಿವೆ. ಮೊದಲನೆಯದು, ತಮಾಷೆ ತಲುಪಿತೆಂಬ ಪ್ರಾಮಾಣಿಕ ಮಾತು. ಬರಹದಲ್ಲಿ ನಗುವಿನ ಸದ್ದು ಕೇಳಿಸುವುದಿಲ್ಲ. ಹೇಳದಿದ್ದರೆ ತಮಾಷೆ ನೆಲಕ್ಕೆ ಬಿತ್ತೆಂದೇ ಅವರು ತಿಳಿಯುತ್ತಾರೆ. ನಗು ಬಾರದಿದ್ದರೆ ಬಂತೆಂದು ಬರೆಯಬಾರದು, 'ಊಹಿಸಿರಲಿಲ್ಲ' ಎಂದಷ್ಟೇ ಹೇಳಿದರೂ ಸಾಕು. ಎರಡನೆಯದು, ತಮಾಷೆಯ ಚಿತ್ರದೊಳಗೇ ನಿಂತು ಕೊಟ್ಟ ಒಂದು ಭರವಸೆ. ಮೂರನೆಯದು, ಚಿಕ್ಕ ಪ್ರಶ್ನೆ. 'ನಿಮ್ಮ ಸಮಸ್ಯೆ ಏನು?' ಎಂಬುದಕ್ಕೆ ಉತ್ತರಿಸಲು ಇಡೀ ಬದುಕನ್ನು ಬಿಚ್ಚಬೇಕು. 'ನಿದ್ದೆ ಬರುತ್ತಿಲ್ಲವೇ?' ಎಂಬುದಕ್ಕೆ 'ಹೌದು' ಎಂದರೆ ಸಾಕು. 'ಹೌದು' ಎಂದವರು ಅಲ್ಲಿಗೇ ನಿಲ್ಲುವುದು ಅಪರೂಪ.

ಆ ಕಡೆ ಇದ್ದದ್ದು ಒಬ್ಬ ಹುಡುಗ. ಸುಮಾರು ಎರಡು ನಿಮಿಷ ಅವನು ಏನೂ ಬರೆಯಲಿಲ್ಲ. ಮೊದಲ ಸಾಲುಗಳೆಲ್ಲ ಕ್ಷಣಾರ್ಧದಲ್ಲಿ ಬಂದಿದ್ದವು. ಆಟಕ್ಕೆ ತಕ್ಷಣ ಉತ್ತರ, ಮಾಮೂಲಿ ಪ್ರಶ್ನೆಗೆ ಮೌನ. ಇಬ್ಬರೂ ಮುಖ ಕಾಣದೆ ಮಾತನಾಡುವ ಈ ಕೆಲಸದಲ್ಲಿ ನಮಗೆ ಸಿಗುವ ಮುಖಭಾವವೇ ಇದು. ಪ್ರಶ್ನೆ ಎಲ್ಲೋ ತಾಗಿದೆ ಎಂದು ಅರ್ಥ. ಆಗ ಇನ್ನೊಂದು ಪ್ರಶ್ನೆ ಸೇರಿಸದೆ ಕಾಯಬೇಕು.

ಕೊನೆಗೆ 'ಇನ್ನೊಂದು ಜೋಕ್ ಇದೆ, ಹೇಳಲೇ?' ಎಂದು ಬಂತು.

ಎರಡನೇ ಸುತ್ತಿಗೆ ಬೇರೆ ಜಾಣ್ಮೆ ಬೇಕು. ಮೊದಲ ಸುತ್ತನ್ನು ಪೂರ್ತಿ ಆಡುವುದು, ಎರಡನೆಯದಕ್ಕೆ ಒಪ್ಪುತ್ತಲೇ ಬಾಗಿಲನ್ನು ಸ್ವಲ್ಪ ತೆರೆದಿಡುವುದು ನಮ್ಮ ಪದ್ಧತಿ. ಮೂರನೆಯದನ್ನೂ ನಾಲ್ಕನೆಯದನ್ನೂ ಹಾಗೆಯೇ ಆಡುತ್ತಾ ಹೋದರೆ ಇಬ್ಬರೂ ಸೇರಿ ಕಷ್ಟವನ್ನು ಹೊರಗಿಟ್ಟಂತೆ ಆಗುತ್ತದೆ. ನಮ್ಮ ತಂಡದ ಹಾಸ್ಯಪ್ರಿಯರೊಬ್ಬರು ಒಮ್ಮೆ ಪ್ರತಿ ತಮಾಷೆಗೂ ತಮ್ಮದೊಂದು ತಮಾಷೆ ಸೇರಿಸುತ್ತಾ ಹೋದರು. ಇಪ್ಪತ್ತು ನಿಮಿಷ ಕಳೆಯಿತು. ಬಂದವರು 'ನೀವು ತುಂಬಾ ಖುಷಿಯಾಗಿದ್ದೀರಿ' ಎಂದು ಬರೆದು ಹೊರಟುಹೋದರು. ಅಂಥವರ ಎದುರು ತನ್ನ ದುಃಖ ಹೇಳಿ ವಾತಾವರಣ ಕೆಡಿಸಲು ಯಾರಿಗೆ ಮನಸ್ಸು ಬರುತ್ತದೆ? ನಾವು ಜೊತೆಗೂಡಬೇಕು, ಸ್ಪರ್ಧಿಸಬಾರದು.

ಸ್ವಯಂಸೇವಕಿ ಬರೆದದ್ದು: 'ಖಂಡಿತ ಹೇಳಿ. ನಗಿಸಲು ಬಂದಿದ್ದರೂ ಸರಿ, ಬೇರೆ ಏನಾದರೂ ಹೇಳಬೇಕು ಎನಿಸಿದರೂ ಸರಿ. ಎರಡಕ್ಕೂ ಇಲ್ಲಿ ಜಾಗವಿದೆ.'

'ಮನೆಯಲ್ಲೂ ಎಲ್ಲರನ್ನೂ ನಗಿಸುವವನು ನಾನೇ.'

ಜೋಕ್ ಬರಲಿಲ್ಲ, ಈ ವಾಕ್ಯ ಬಂತು. ಹುಡುಕುತ್ತಿದ್ದ ಎಳೆ ಸಿಕ್ಕಿದ್ದು ಇಲ್ಲಿ. ಸ್ವಯಂಸೇವಕಿ ಅದನ್ನೇ ಹಿಡಿದರು: 'ನಿಮಗೇ ನಗು ಬಾರದ ದಿನವೂ ನಗಿಸಬೇಕಾಗುತ್ತದೆಯೇ?' ಆಮೇಲೆ ಸಾಲುಗಳು ಉದ್ದವಾದವು. ಪರೀಕ್ಷೆಯಲ್ಲಿ ಎರಡನೆಯ ಬಾರಿ ಅನುತ್ತೀರ್ಣನಾಗಿದ್ದ. ಫಲಿತಾಂಶ ಬಂದು ನಾಲ್ಕು ದಿನವಾಗಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಪ್ರತಿ ರಾತ್ರಿ ಊಟದ ಹೊತ್ತಿನಲ್ಲಿ ಎಲ್ಲರನ್ನೂ ನಗಿಸಿ ಕೋಣೆಗೆ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದ. 'ಬಾಗಿಲು ತೆಗೆಯುವುದೇ ಬೇಡ' ಎಂಬುದು ಬರಿಯ ಪದಚಮತ್ಕಾರವಾಗಿರಲಿಲ್ಲ. ಹಾಗೆಂದು ಎಲ್ಲ ತಮಾಷೆಯಲ್ಲೂ ಗೂಢಾರ್ಥ ಹುಡುಕಬಾರದು, ಹೆಚ್ಚಿನವು ಎಲ್ಲೋ ಕೇಳಿ ಕಲಿತವು. ಕೊನೆಯ ಸಾಲನ್ನು ನೆನಪಿನಲ್ಲಿ ಇಟ್ಟುಕೊಂಡರೆ ಸಾಕು. 'ಇದರ ಅರ್ಥ ಇದಲ್ಲವೇ?' ಎಂದು ಬಂದವರ ಮುಂದೆ ಬಿಡಿಸಲು ಹೋಗುವುದು ಬೇಡ.

ಇಷ್ಟು ಕೇಳಿದ ಮೇಲೆ ಆಟದ ದನಿಯನ್ನು ಪೂರ್ತಿ ಬಿಟ್ಟು ನೇರ ಪ್ರಶ್ನೆ ಕೇಳಬೇಕಿತ್ತು, ಕೇಳಿದರು: 'ಸಾಯಬೇಕು ಎಂಬ ಯೋಚನೆ ಬಂದಿದೆಯೇ?' ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ಅನೇಕರಲ್ಲಿದೆ. ಸಂಶೋಧನೆಗಳು ಈ ಭಯಕ್ಕೆ ಆಧಾರ ಕೊಟ್ಟಿಲ್ಲ. ಹಗುರವಾದ ಆರಂಭವಾದ್ದರಿಂದ ಈ ಪ್ರಶ್ನೆ ಹೊಂದುವುದಿಲ್ಲ ಎಂದು ಬಿಟ್ಟುಬಿಡುವುದು ತಮಾಷೆಯಿಂದ ಶುರುವಾದ ಸಂಭಾಷಣೆಗಳಲ್ಲಿ ನಾನು ಕಾಣುವ ಅತಿ ಅಪಾಯಕಾರಿ ತಪ್ಪು. 'ಸಾಯುವುದು ಅಂತಲ್ಲ, ಎಲ್ಲಾದರೂ ಮಾಯವಾಗಿಬಿಡಬೇಕು ಎನಿಸುತ್ತದೆ' ಎಂದ. ಅಲ್ಲಿಗೂ ಬಿಡದೆ, ಮಾಯವಾಗುವುದೆಂದರೆ ಏನು, ಅದಕ್ಕಾಗಿ ಏನಾದರೂ ಯೋಚಿಸಿದ್ದೀರಾ ಎಂದು ಕೇಳಿದರು. ಫೋನ್ ಆರಿಸಿ ಎರಡು ದಿನ ಮಲಗಬೇಕು ಎಂಬುದಷ್ಟೇ ಅವನ ಮಾತಿನ ಅರ್ಥವಾಗಿತ್ತು. ಸಾಯುವ ಯೋಜನೆ ಇದ್ದಿದ್ದರೆ ನಮ್ಮ ತುರ್ತು ಕ್ರಮಗಳು ಆಗಲೇ ಶುರುವಾಗುತ್ತಿದ್ದವು.

ಆಟ ಆಡಲೇಬಾರದ ಸಂದರ್ಭವೂ ಇದೆ. 'ಟಕ್ ಟಕ್', 'ಯಾರು?', 'ಯಾರೂ ಇಲ್ಲ, ನಾಳೆಯಿಂದ.' ತಮಾಷೆಯೊಳಗೆ ಸಾವು ಕಾಣಿಸಿಕೊಂಡರೆ ಅದೇ ಸಾಲಿನಲ್ಲಿ ಆಟ ನಿಲ್ಲಬೇಕು: 'ಈ ಮಾತನ್ನು ನಾನು ತಮಾಷೆಯೆಂದು ತೆಗೆದುಕೊಳ್ಳುವುದಿಲ್ಲ. ನಾಳೆಯಿಂದ ಇರುವುದಿಲ್ಲ ಎಂದರೆ ಸಾಯುವ ಯೋಚನೆಯೇ?' ಅವರು 'ಸುಮ್ಮನೆ ಹೇಳಿದೆ' ಎಂದರೂ ಕೇಳಿದ್ದಕ್ಕೆ ನಷ್ಟವಿಲ್ಲ.

ಬರಿಯ ತಮಾಷೆಗೆಂದೇ ಬಂದವರೂ ಇರುತ್ತಾರೆ, ಅವರಲ್ಲಿ ಮಕ್ಕಳು ಹೆಚ್ಚು. ಒಂದು ಸುತ್ತು ಆಡಿ, ಒಂದು ಚಿಕ್ಕ ಪ್ರಶ್ನೆ ಕೇಳಿ, ಏನೂ ಇಲ್ಲವೆಂದರೆ ಸಂತೋಷದಿಂದ ಬೀಳ್ಕೊಡಿ. ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಇಲ್ಲಿ ಬೈಯುವುದಿಲ್ಲ ಎಂದು ಗೊತ್ತಾದ ಮಗು ಬೇಕಾದಾಗ ಮತ್ತೆ ಬರಬಲ್ಲದು. ತಮಾಷೆ ಎರಡನೇ ಸಾಲಿಗೇ ಅಶ್ಲೀಲಕ್ಕೋ ಬೈಗುಳಕ್ಕೋ ತಿರುಗಿದರೆ, ಇಂಥ ಮಾತು ಮುಂದುವರಿಸಲಾಗದು, ಬೇರೆ ವಿಷಯವಿದ್ದರೆ ಕೇಳುತ್ತೇನೆ ಎಂದು ಒಮ್ಮೆ ಹೇಳಿ, ಮತ್ತೆ ಬಂದರೆ ಮುಗಿಸುವುದು.

ಆ ಹುಡುಗನ ಸಂಭಾಷಣೆ 12.10ಕ್ಕೆ ಮುಗಿಯಿತು. ಮನೆಯಲ್ಲಿ ಮೊದಲು ಯಾರಿಗೆ ಹೇಳಬಹುದು ಎಂದು ಯೋಚಿಸಿ ಅಕ್ಕನನ್ನು ಆರಿಸಿಕೊಂಡಿದ್ದ. ಅವಳಿಗೆ ಹೇಳುವ ಮೊದಲ ವಾಕ್ಯವನ್ನು ಇಲ್ಲೇ ಬರೆದು, ಅಳಿಸಿ, ಮತ್ತೆ ಬರೆದ. ಮತ್ತೆ ಬಂದರೆ ಬೇರೆ ಸ್ವಯಂಸೇವಕರು ಸಿಗಬಹುದಾದ್ದರಿಂದ ದಾಖಲೆಯಲ್ಲಿ ಒಂದು ಸಾಲು ಸೇರಿಸಿದೆವು: 'ತಮಾಷೆಯಿಂದ ಶುರುಮಾಡುತ್ತಾರೆ. ಒಂದು ಸುತ್ತು ಜೊತೆಗೂಡಿ, ಆಮೇಲೆ ನಿದ್ದೆಯ ಬಗ್ಗೆ ಕೇಳಿ.'

ಮೂರು ದಿನಗಳ ನಂತರ ಅದೇ ಹೊತ್ತಿಗೆ 'ಟಕ್ ಟಕ್' ಬಂತು. ಅಂದು ಕುಳಿತಿದ್ದವರು ಟಿಪ್ಪಣಿ ಓದಿಕೊಂಡು 'ಯಾರು?' ಎಂದರು.

'ನಾನೇ. ಅಕ್ಕನಿಗೆ ಹೇಳಿದೆ. ಅಪ್ಪನಿಗೆ ಹೇಗೆ ಹೇಳುವುದು?'